ಡೆಲಿವರಿ ಕೆಲಸಕ್ಕೆ ಜಾರದ, ಕಾಲು ಬೇಯದ ಶೂ
ಮೈಸೂರಿನಲ್ಲಿ ದಿನವಿಡೀ ಬೈಕಿನಲ್ಲಿ ಡೆಲಿವರಿ ಮಾಡುತ್ತೇನೆ. ಮೆಟ್ಟಿಲಲ್ಲಿ ಜಾರದ, ಕಾಲು ಬೇಯದ ಶೂ ಯಾವುದು?

ರಬ್ಬರ್ ತಳ ಮತ್ತು ಜಾಲರಿ ಬಟ್ಟೆಯ ಮೇಲ್ಭಾಗವಿರುವ ಶೂ ತೆಗೆದುಕೊಳ್ಳಿ. ಹಿಡಿತ ಸಿಗುವುದು ತಳದಿಂದ, ಗಾಳಿಯಾಡುವುದು ಮೇಲ್ಭಾಗದಿಂದ. ಆದ್ದರಿಂದ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಮೆದು ರಬ್ಬರ್ ನೆಲದ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಕೂರುತ್ತದೆ, ತಳದ ಗೀರುಗಳು ನೀರನ್ನು ಪಕ್ಕಕ್ಕೆ ಸರಿಸುತ್ತವೆ. ಬರೀ ಫೋಮ್ ತಳ ಹಗುರವೇನೋ ಹೌದು, ಆದರೆ ಅದು ಬೇಗ ಸವೆದು ನುಣುಪಾಗಿ, ಮಳೆಗಾಲದಲ್ಲಿ ಅಪಾರ್ಟ್‌ಮೆಂಟುಗಳ ಒದ್ದೆ ಗ್ರಾನೈಟ್ ಮೆಟ್ಟಿಲ ಮೇಲೆ ಜಾರುತ್ತದೆ. ಗೇರ್ ಬೈಕಾದರೆ ಜಾಲರಿ ಮೊದಲು ಹರಿಯುವುದು ಲಿವರ್ ಎತ್ತುವ ಎಡಗಾಲಿನ ಬೆರಳುಗಳ ಮೇಲೆ. ಅಲ್ಲಿ ರೆಕ್ಸಿನ್ ಪಟ್ಟಿ ಇಲ್ಲದಿದ್ದರೆ ಚಪ್ಪಲಿ ರಿಪೇರಿಯವರಲ್ಲಿ ಹೊಲಿಸಿಕೊಳ್ಳಿ. ಮಳೆಯಲ್ಲಿ ಜಾಲರಿ ನೆನೆಯುವುದು ತಪ್ಪದು, ಹಾಗಾಗಿ ಒಣ ಕಾಲುಚೀಲ ಜೊತೆಗಿರಲಿ. ಹಿಮ್ಮಡಿಯ ಗೀರುಗಳು ಮಾಸಿದಾಗ, ಮೇಲ್ಭಾಗ ಚೆನ್ನಾಗಿದ್ದರೂ, ಶೂ ಬದಲಿಸಿ.