ಸಂಪಾದಕರ ಉತ್ತರ: ಒಟ್ಟು ಲಾಭದಲ್ಲಿ ಮರೆಯಾದ 12,000

ಓದುಗರ ಪತ್ರ

ಮಾನ್ಯ ಸಂಪಾದಕರೇ, ನಾನು ಪ್ರಧಾನ ಕಚೇರಿಯಲ್ಲಿ ಅವಲಂಬಿತ ಶಾಖೆಯೊಂದರ ಲೆಕ್ಕ ಬರೆಯುತ್ತೇನೆ. ಇದುವರೆಗೆ ಅಂತಿಮ ಲೆಕ್ಕಗಳ ಪದ್ಧತಿಯನ್ನೇ ಅನುಸರಿಸುತ್ತಿದ್ದೆ. ಈ ವರ್ಷ ಅದೇ ಅಂಕಿಗಳನ್ನು ದಾಸ್ತಾನು ಮತ್ತು ಋಣಿಗಳ ಪದ್ಧತಿಯಲ್ಲೂ ಬರೆದು ನೋಡಿದೆ. ನಿವ್ವಳ ಲಾಭ ಎರಡರಲ್ಲೂ 20,000 ಬಂತು. ಒಟ್ಟು ಲಾಭ ಮಾತ್ರ ಒಂದರಲ್ಲಿ 41,000, ಇನ್ನೊಂದರಲ್ಲಿ 53,000. ಹಾಳೆಗಳನ್ನು ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪಿದೆ? ಕೊನೆಯ ಲಾಭ ಒಂದೇ ಆಗುವುದಾದರೆ ಅಷ್ಟೊಂದು ಖಾತೆಗಳನ್ನು ತೆರೆಯುವ ಶ್ರಮ ಏಕೆ?

ಉತ್ತರ

ನೀವು ಎಲ್ಲೂ ತಪ್ಪಿಲ್ಲ. ನಿಮ್ಮ ಹಾಳೆಗಳನ್ನು ಸಾಲು ಸಾಲಾಗಿ ಕೂಡಿ ನೋಡಿದೆ, ಎರಡೂ ಸರಿಯಾಗಿವೆ. ಆ 12,000ದ ವ್ಯತ್ಯಾಸ ನಿಮ್ಮ ಶಾಖೆಯಲ್ಲಿ ನಡೆದ ಒಂದು ಸಂಗತಿಯನ್ನು ತೋರಿಸುತ್ತಿದೆ. ಅದನ್ನು ಒಂದು ಪದ್ಧತಿ ಬೇರೆಯಾಗಿ ಎತ್ತಿ ಹಿಡಿದಿದೆ, ಇನ್ನೊಂದು ಬೇರೆ ಅಂಕಿಗಳೊಳಗೆ ಕರಗಿಸಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಮೊದಲು ಅಂತಿಮ ಲೆಕ್ಕಗಳ ಹಾಳೆಯನ್ನು ನೋಡೋಣ. ಇಲ್ಲಿ ನೀವು ಎಲ್ಲವನ್ನೂ ಅಸಲು ಬೆಲೆಗೆ ಇಳಿಸಿದ್ದೀರಿ. ಆರಂಭದ ದಾಸ್ತಾನು 40,000. ವರ್ಷದಲ್ಲಿ ಕಳುಹಿಸಿದ ಸರಕು 2,40,000. ಅದರಲ್ಲಿ ಶಾಖೆ ಹಿಂದಿರುಗಿಸಿದ್ದು 8,000. ಅಲ್ಲಿಗೆ ಶಾಖೆಯ ಹೊಣೆಗೆ ಬಂದ ಸರಕು 2,72,000. ಮಾರಾಟ 2,65,000, ವರ್ಷದ ಕೊನೆಗೆ ಎಣಿಸಿದ ದಾಸ್ತಾನು 48,000. ಮಾರಾಟಕ್ಕೆ ಕೊನೆಯ ದಾಸ್ತಾನನ್ನು ಕೂಡಿಸಿ 2,72,000 ಕಳೆದರೆ ಒಟ್ಟು ಲಾಭ 41,000. ಸಂಬಳ ಮತ್ತು ಬಾಡಿಗೆ 18,000, ವಸೂಲಾಗದ ಸಾಲ 2,000, ಋಣಿಗಳಿಗೆ ಕೊಟ್ಟ ರಿಯಾಯಿತಿ 1,000. ಇವು ಹೋದರೆ ನಿವ್ವಳ ಲಾಭ 20,000.

ಈ ಲೆಕ್ಕದಲ್ಲಿ ಕೊನೆಯ ದಾಸ್ತಾನು ಹೇಗೆ ಬಂತು ಎಂಬುದನ್ನು ಗಮನಿಸಿ. ಎಣಿಸಿದಾಗ ಸಿಕ್ಕಿದ್ದನ್ನು ಬರೆದಿದ್ದೀರಿ, ಅಷ್ಟೇ. ಎಷ್ಟು ಸಿಗಬೇಕಿತ್ತು ಎಂದು ಈ ಖಾತೆ ಕೇಳುವುದೇ ಇಲ್ಲ. ಸಿಗದೆ ಹೋದ ಸರಕು ಮಾರಾಟವಾದ ಸರಕಿನ ಅಸಲಿನೊಳಗೆ ಸೇರಿಹೋಗುತ್ತದೆ.

ಈಗ ಇನ್ನೊಂದು ಹಾಳೆ. ನಿಮ್ಮ ಕಚೇರಿ ಅಸಲಿನ ಮೇಲೆ ಶೇಕಡಾ 25 ಸೇರಿಸಿ ಶಾಖೆಗೆ ಬೀಜಕ ಕಳುಹಿಸುತ್ತದೆ. ಅಂದರೆ ಬೀಜಕ ಬೆಲೆಯ ಐದನೆಯ ಒಂದು ಭಾಗ ಲೋಡಿಂಗ್. ಶಾಖಾ ದಾಸ್ತಾನು ಖಾತೆಯನ್ನು ನೀವು ಪೂರ್ತಿಯಾಗಿ ಬೀಜಕ ಬೆಲೆಯಲ್ಲೇ ಬರೆದಿದ್ದೀರಿ. ಡೆಬಿಟ್ ಕಡೆ ಆರಂಭದ ದಾಸ್ತಾನು 50,000 ಮತ್ತು ಕಳುಹಿಸಿದ ಸರಕು 3,00,000, ಒಟ್ಟು 3,50,000. ಕ್ರೆಡಿಟ್ ಕಡೆ ಹಿಂದಿರುಗಿದ ಸರಕು 10,000, ನಗದು ಮಾರಾಟ 1,20,000, ಉದರಿ ಮಾರಾಟ 1,45,000, ಎಣಿಸಿದ ದಾಸ್ತಾನು 60,000, ಒಟ್ಟು 3,35,000. ಹದಿನೈದು ಸಾವಿರ ಕಡಿಮೆ ಬಿತ್ತು. ಬೀಜಕ ಬೆಲೆಯ 15,000 ಎಂದರೆ ಅಸಲು 12,000, ಲೋಡಿಂಗ್ 3,000. ನೀವು ಹುಡುಕುತ್ತಿದ್ದ 12,000 ಇದೇ.

ದಾಸ್ತಾನು ಖಾತೆಗೆ ಇದನ್ನು ಹಿಡಿಯಲು ಸಾಧ್ಯವಾದದ್ದು ಅದರಲ್ಲಿ ಲಾಭಕ್ಕೆ ಜಾಗವೇ ಇಲ್ಲದ್ದರಿಂದ. ಶಾಖೆ ಬೀಜಕ ಬೆಲೆಗೇ ಮಾರುತ್ತದೆ ಎಂದಾದರೆ, ಒಳಬಂದ ಸರಕಿಗೂ ಹೊರಹೋದ ಸರಕಿಗೂ ಅಳತೆ ಒಂದೇ. ಆಗ ಎರಡು ಬದಿಗಳೂ ಸಮವಾಗಲೇಬೇಕು. ಆಗದಿದ್ದರೆ ಸರಕಿನದೋ ದಾಖಲೆಯದೋ ಏನೋ ಒಂದು ಹೆಚ್ಚುಕಡಿಮೆಯಾಗಿದೆ. ಲಾಭವನ್ನು ಶಾಖಾ ಹೊಂದಾಣಿಕೆ ಖಾತೆ ಬೇರೆಯಾಗಿ ನೋಡಿಕೊಳ್ಳುತ್ತದೆ. ಅದರ ಕ್ರೆಡಿಟ್‌ನಲ್ಲಿ ಆರಂಭದ ದಾಸ್ತಾನಿನ ಲೋಡಿಂಗ್ 10,000 ಮತ್ತು ಕಳುಹಿಸಿದ ಸರಕಿನದು 60,000. ಡೆಬಿಟ್‌ನಲ್ಲಿ ಹಿಂದಿರುಗಿದ ಸರಕಿನ ಲೋಡಿಂಗ್ 2,000, ಕೊನೆಯ ದಾಸ್ತಾನಿನದು 12,000, ಕೊರತೆಯದು 3,000. ಉಳಿದದ್ದು 53,000, ಇದೇ ಒಟ್ಟು ಲಾಭ. ತಾಳೆ ನೋಡುವುದು ಸುಲಭ: ಮಾರಾಟ 2,65,000ದ ಐದನೆಯ ಒಂದು ಭಾಗವೂ 53,000ವೇ. ಇದರಿಂದ 21,000 ಖರ್ಚುಗಳನ್ನೂ ಕೊರತೆಯ ಅಸಲು 12,000ವನ್ನೂ ಕಳೆದಿದ್ದೀರಿ, 20,000 ಬಂದಿದೆ.

ಇಲ್ಲಿ ನೀವು ಕೊರತೆಯನ್ನು ಅಸಹಜ ನಷ್ಟ ಎಂದು ಭಾವಿಸಿ ಬರೆದಿದ್ದೀರಿ. ಅದಕ್ಕಾಗಿಯೇ ಲೋಡಿಂಗ್ ಹೊಂದಾಣಿಕೆ ಖಾತೆಗೂ ಅಸಲು ಲಾಭ ನಷ್ಟ ಖಾತೆಗೂ ಹೋಯಿತು. ಈಗ ಒಂದು ಪ್ರಯೋಗ ಮಾಡಿ. ಅದೇ ಕೊರತೆಯನ್ನು ಸಹಜ ನಷ್ಟ, ಅಂದರೆ ಆವಿಯಾಗುವುದು, ಒಣಗುವುದು, ತೂಕ ಮಾಡುವಾಗ ತುಸು ಹೋಗುವುದು ಇಂಥದ್ದು ಎಂದು ಭಾವಿಸಿ. ಆಗ ಪೂರ್ತಿ 15,000 ಹೊಂದಾಣಿಕೆ ಖಾತೆಯ ಡೆಬಿಟ್‌ಗೇ ಬೀಳುತ್ತದೆ. ಒಟ್ಟು ಲಾಭ 53,000ದಿಂದ 41,000ಕ್ಕೆ ಇಳಿಯುತ್ತದೆ, ಅಂತಿಮ ಲೆಕ್ಕಗಳ ಹಾಳೆಯಲ್ಲಿ ಬಂದ ಅಂಕಿಯೇ ಬರುತ್ತದೆ.

ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳು ಇಲ್ಲಿದೆ. ಅಂತಿಮ ಲೆಕ್ಕಗಳ ಪದ್ಧತಿ, ನಾವು ಕೈ ಹಾಕದೆ ಬಿಟ್ಟರೆ, ಎಲ್ಲ ಕೊರತೆಯನ್ನೂ ಸಹಜ ನಷ್ಟವೆಂದೇ ತಾನಾಗಿ ತೀರ್ಮಾನಿಸಿಬಿಡುತ್ತದೆ. ಅಸಹಜ ನಷ್ಟವನ್ನು ಅದರಲ್ಲೂ ವ್ಯಾಪಾರ ಖಾತೆಗೆ ಕ್ರೆಡಿಟ್ ಮಾಡಿ, ಲಾಭ ನಷ್ಟ ಖಾತೆಗೆ ಡೆಬಿಟ್ ಮಾಡಿ ಬೇರೆ ತೋರಿಸಬಹುದು, ನಿಜ. ಆದರೆ ಹಾಗೆ ಮಾಡಲು ನಷ್ಟ ಎಷ್ಟೆಂದು ಮೊದಲೇ ಗೊತ್ತಿರಬೇಕು. ಬೆಂಕಿ ಬಿದ್ದರೆ ಗೊತ್ತಾಗುತ್ತದೆ. ದಿನಕ್ಕೊಂದಿಷ್ಟು ಕಪಾಟಿನಿಂದ ಕಾಣೆಯಾಗುವ ಸರಕು ಗೊತ್ತಾಗುವುದಿಲ್ಲ. ಕೊಡಬೇಕಾದ ಲಾಭದ ಪ್ರಮಾಣ ಶೇಕಡಾ 20 ಇದ್ದದ್ದು ಸುಮಾರು 15.5ಕ್ಕೆ ಇಳಿದಿದೆ ಎಂಬ ಸುಳಿವಷ್ಟೇ ಅಲ್ಲಿ ಸಿಗುತ್ತದೆ. ಆ ಸುಳಿವನ್ನೂ ಹುಡುಕಿಕೊಂಡು ಹೋದವರಿಗೆ ಮಾತ್ರ.

ಇನ್ನೊಂದು ಭೇದವನ್ನು ಚುಟುಕಾಗಿ ಹೇಳುತ್ತೇನೆ. ಅಂತಿಮ ಲೆಕ್ಕಗಳ ಪದ್ಧತಿಯಲ್ಲಿ ಬರೆಯುವ ಶಾಖಾ ವ್ಯಾಪಾರ ಮತ್ತು ಲಾಭ ನಷ್ಟ ಖಾತೆ ಬರೀ ಜ್ಞಾಪಕ ಖಾತೆ. ಅದು ದ್ವಿನಮೂದಿನ ಭಾಗವಲ್ಲ. ಖಾತೆ ಪುಸ್ತಕದಲ್ಲಿ ಇರುವುದು ಶಾಖಾ ಖಾತೆ ಒಂದೇ, ಅದೂ ವೈಯಕ್ತಿಕ ಖಾತೆಯ ಸ್ವರೂಪದಲ್ಲಿ. ನಿಮ್ಮ ಅಂಕಿಗಳಲ್ಲಿ ಅದು ಚೆನ್ನಾಗಿ ತಾಳೆಯಾಗಿದೆ. ಆರಂಭದ ಶಿಲ್ಕು 60,000 (ದಾಸ್ತಾನು 40,000, ಋಣಿಗಳು 20,000), ನಿವ್ವಳವಾಗಿ ಹೋದ ಸರಕು 2,32,000, ಖರ್ಚಿಗೆ ಕಳುಹಿಸಿದ್ದು 18,000, ಲಾಭ 20,000. ಒಟ್ಟು 3,30,000. ಶಾಖೆ ಕಳುಹಿಸಿದ ಹಣ ನಗದು ಮಾರಾಟದ 1,20,000 ಮತ್ತು ಋಣಿಗಳಿಂದ ಬಂದ 1,30,000. ಉಳಿದ 80,000 ಎಂದರೆ ಕೊನೆಯ ದಾಸ್ತಾನು 48,000 ಮತ್ತು ಋಣಿಗಳು 32,000. ಆದರೆ ಈ ತಾಳೆಯನ್ನು ಕಂಡು ನಿಶ್ಚಿಂತರಾಗಬೇಡಿ. ಕೊರತೆ ಇದ್ದರೂ ಇಲ್ಲದಿದ್ದರೂ ಈ ಖಾತೆ ತಾಳೆಯಾಗಿಯೇ ಆಗುತ್ತದೆ, ಏಕೆಂದರೆ ಕೊರತೆ ಆಗಲೇ ಲಾಭದಲ್ಲಿ ಕಳೆದುಹೋಗಿರುತ್ತದೆ.

ಹಾಗೆಂದು 15,000 ಕಂಡ ಕೂಡಲೇ ಶಾಖೆಯ ವ್ಯವಸ್ಥಾಪಕರಿಗೆ ವಿವರಣೆ ಕೇಳಿ ಪತ್ರ ಬರೆಯಬೇಡಿ. ದಾಸ್ತಾನು ಖಾತೆ ಕೊರತೆಯ ಮೊತ್ತವನ್ನು ಹೇಳುತ್ತದೆ, ಕಾರಣವನ್ನಲ್ಲ. ಮೊದಲು ವರ್ಷದ ಕೊನೆಯ ದಿನಗಳಲ್ಲಿ ಕಳುಹಿಸಿದ ಬೀಜಕಗಳನ್ನು ತೆಗೆದು, ಶಾಖೆ ಅವುಗಳನ್ನು ಸ್ವೀಕರಿಸಿದ ದಿನಾಂಕದೊಂದಿಗೆ ಹೋಲಿಸಿ. ನೀವು ಕಳುಹಿಸಿದ್ದನ್ನು ಬರೆದುಕೊಂಡು, ಶಾಖೆ ಎಣಿಕೆ ಮುಗಿಸಿದ ಮೇಲೆ ತಲುಪಿದ ಸರಕು ಇದ್ದರೆ, ಅದು ದಾರಿಯಲ್ಲಿರುವ ಸರಕೇ ಹೊರತು ಕಾಣೆಯಾದದ್ದಲ್ಲ. ಪೂರ್ತಿ 15,000 ಹೀಗೇ ಆಗಿದ್ದರೆ ನಿಮ್ಮ ಎರಡು ಹಾಳೆಗಳೂ ತಪ್ಪು: ಅಸಲು 12,000ವನ್ನು ದಾಸ್ತಾನಿಗೆ ಸೇರಿಸಬೇಕು, ನಿವ್ವಳ ಲಾಭ 32,000 ಆಗಬೇಕು. ನಿವ್ವಳ ಲಾಭ ಎರಡರಲ್ಲೂ ಒಂದೇ ಬಂತು ಎಂಬುದು ಸರಿಯಾಗಿದೆ ಎನ್ನಲು ಆಧಾರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆಮೇಲೆ ಮಾರಾಟದ ಬಿಲ್ಲುಗಳು. ಹಳೆಯ ಸರಕನ್ನು ಶಾಖೆ ಬೀಜಕ ಬೆಲೆಗಿಂತ ಕಡಿಮೆಗೆ ಮಾರಿದ್ದರೆ, ಕಡಿಮೆ ಮಾಡಿದ ಅಷ್ಟೂ ಮೊತ್ತ ದಾಸ್ತಾನು ಖಾತೆಯಲ್ಲಿ ಕೊರತೆಯ ವೇಷದಲ್ಲಿ ಕಾಣಿಸುತ್ತದೆ. ಸರಕು ಕಾಣೆಯಾಗಿಲ್ಲ, ಬೆಲೆ ಇಳಿದಿದೆ ಅಷ್ಟೇ. ಇಂಥ ಇಳಿಕೆಯನ್ನು ಹೊಂದಾಣಿಕೆ ಖಾತೆಗೆ ಡೆಬಿಟ್ ಮಾಡಿ ದಾಸ್ತಾನು ಖಾತೆಗೆ ಕ್ರೆಡಿಟ್ ಮಾಡಬೇಕು. ಆಗ ಒಟ್ಟು ಲಾಭ ಇಳಿಯುವುದು ನ್ಯಾಯವೇ. ಇದರ ವಿರುದ್ಧ ಸಂಗತಿ ಹೆಚ್ಚು ಅಪಾಯಕಾರಿ. ಶಾಖೆ ಬೀಜಕ ಬೆಲೆಗಿಂತ ಹೆಚ್ಚಿಗೆ ಮಾರಿ 15,000 ಹೆಚ್ಚು ಗಳಿಸಿ, ಅಷ್ಟೇ ಬೆಲೆಯ ಸರಕು ಕಾಣೆಯಾಗಿದ್ದರೆ ಎರಡೂ ಒಂದನ್ನೊಂದು ಹೊಡೆದುಹಾಕಿ ಖಾತೆ ಸಮವಾಗಿ ನಿಲ್ಲುತ್ತದೆ. ಬೆಲೆಯನ್ನು ಪ್ರಧಾನ ಕಚೇರಿ ಗಟ್ಟಿಯಾಗಿ ಹಿಡಿದಿಡದ ಕಡೆ ಈ ಪದ್ಧತಿಯ ಹಲ್ಲು ಮೊಂಡಾಗುವುದು ಹೀಗೆ. ಅಲ್ಲಿ ಮೊತ್ತದ ಜೊತೆ ನಗಗಳನ್ನೂ ಎಣಿಸಬೇಕು.

ಬಿಲ್ಲುಗಳೂ ಸರಿಯಿದ್ದರೆ ಉಳಿಯುವುದು ಒಡೆದದ್ದು, ಕಳುವಾದದ್ದು ಅಥವಾ ಬರೆಯದೆ ಬಿಟ್ಟ ನಗದು ಮಾರಾಟ. ಈ ಮೂರನ್ನು ಪುಸ್ತಕದಿಂದ ಬೇರ್ಪಡಿಸಲಾಗದು. ಯಾರಾದರೂ ಶಾಖೆಗೆ ಹೋಗಿ ನೋಡಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಕೊನೆಯ ದಾಸ್ತಾನನ್ನು ಎಣಿಸದೆ, ಖಾತೆಯ ಎರಡು ಬದಿಗಳ ವ್ಯತ್ಯಾಸವನ್ನೇ ದಾಸ್ತಾನು ಎಂದು ಬರೆದುಬಿಡುವ ಅಭ್ಯಾಸ ಬಂದರೆ ಇಷ್ಟು ಖಾತೆಗಳನ್ನು ತೆರೆದದ್ದೂ ವ್ಯರ್ಥ. ಶಾಖೆಯಿಂದ ಬರುವ ದಾಸ್ತಾನು ಪಟ್ಟಿ ತಿಂಗಳು ತಿಂಗಳೂ ಒಂದು ಬಿಡಿಕಾಸಿನ ವ್ಯತ್ಯಾಸವೂ ಇಲ್ಲದೆ ತಾಳೆಯಾಗುತ್ತಿದ್ದರೆ ನಾನಾದರೆ ಅಲ್ಲಿಯೇ ಮೊದಲು ಅನುಮಾನಿಸುತ್ತೇನೆ. ಸರಕು ಕೈಬದಲಾಗುವ ಕಡೆ ಸಣ್ಣಪುಟ್ಟ ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ನಿಮ್ಮ ಕಚೇರಿ ಎಲ್ಲ ಸರಕಿಗೂ ಒಂದೇ ಪ್ರಮಾಣದ ಲೋಡಿಂಗ್ ಹಾಕುತ್ತದೆ, ಶಾಖೆ ಅದೇ ಬೆಲೆಗೆ ಮಾರುತ್ತದೆ ಎಂದು ಹಾಳೆಗಳಿಂದ ತಿಳಿಯುತ್ತದೆ. ಇಂಥ ಶಾಖೆಗೆ ದಾಸ್ತಾನು ಮತ್ತು ಋಣಿಗಳ ಪದ್ಧತಿಯೇ ತಕ್ಕದ್ದು. ಸರಕನ್ನು ಅಸಲು ಬೆಲೆಗೇ ಕಳುಹಿಸುವ, ಬೇಗ ಕೆಡುವ ಮಾಲು ಮಾರುವ, ದಿನಕ್ಕೊಂದು ಬೆಲೆ ಇಡುವ ಶಾಖೆಯಾಗಿದ್ದರೆ ನಾನು ಅಂತಿಮ ಲೆಕ್ಕಗಳ ಕಡೆಗೇ ವಾಲುತ್ತಿದ್ದೆ. ಅಲ್ಲಿ ಬೀಜಕ ಬೆಲೆ ಎಂಬ ಅಳತೆಯೇ ನಿಲ್ಲುವುದಿಲ್ಲ. ಎಲ್ಲ ಖಾತೆಗಳನ್ನು ತೆರೆಯಲು ಈ ವರ್ಷ ಪುರಸೊತ್ತಿಲ್ಲ ಎಂದಾದರೆ, ಅಂತಿಮ ಲೆಕ್ಕಗಳನ್ನೇ ಮುಂದುವರಿಸಿ, ಪಕ್ಕದಲ್ಲಿ ಬೀಜಕ ಬೆಲೆಯ ದಾಸ್ತಾನು ಖಾತೆಯೊಂದನ್ನು ಜ್ಞಾಪಕವಾಗಿ ಇಡಿ. ಅದನ್ನು ವರ್ಷದ ಕೊನೆಗೆ ಬಿಡದೆ ತಿಂಗಳಿಗೊಮ್ಮೆ ಎಣಿಕೆಯೊಂದಿಗೆ ತಾಳೆ ನೋಡಿ. ಈ 15,000 ಒಂದೇ ತಿಂಗಳಲ್ಲಿ ಹೋದದ್ದೋ ಹನ್ನೆರಡು ತಿಂಗಳಲ್ಲಿ ಸೋರಿದ್ದೋ ಎಂಬುದು ಆಗಲೇ ತಿಳಿಯುವುದು. ಸದ್ಯಕ್ಕೆ ಕೊನೆಯ ತಿಂಗಳ ಬೀಜಕಗಳ ಪ್ರತಿಗಳನ್ನು ತೆಗೆದಿಡಿ; ಕೆಲಸ ಅಲ್ಲಿಂದ ಶುರುವಾಗಲಿ.