ಹಳೆಯ ಮ್ಯಾನೇಜರ್ ಬಾಯಲ್ಲೇ ಇಟ್ಟುಕೊಂಡಿದ್ದ ಲೆಕ್ಕ

ಪ್ರಶ್ನೆ: ರಾಯಚೂರಿನ ಒಂದು ಗೋದಾಮಿಗೆ ಮ್ಯಾನೇಜರ್ ಆಗಿ ಬಂದು ಎರಡು ತಿಂಗಳಾಯ್ತು. ನನಗಿಂತ ಮುಂಚೆ ಇದ್ದವರು ಎಲ್ಲರಿಗೂ ಅಚ್ಚುಮೆಚ್ಚು. ಈಗ ಯಾರೂ ಎದುರು ಮಾತಾಡಲ್ಲ, ಹೇಳಿದ್ದಕ್ಕೆಲ್ಲ 'ಆಯ್ತು ಸರ್' ಅಂತಾರೆ. ಆದರೆ ಒಳಗೊಳಗೇ ಹೋಲಿಸ್ತಾ ಇದ್ದಾರೆ, ಕೆಲಸವೂ ಸಾಗ್ತಿಲ್ಲ. ಏನು ಮಾಡಲಿ?

ಉತ್ತರ:

ಹೋಲಿಕೆ ನಿಲ್ಲಿಸೋಕೆ ಹೋಗಬೇಡಿ. ಅದು ತನ್ನಷ್ಟಕ್ಕೆ ಕಡಿಮೆ ಆಗುತ್ತೆ, ಆಗದಿದ್ದರೂ ದೊಡ್ಡ ನಷ್ಟವಿಲ್ಲ. ನಷ್ಟ ಆಗೋದು ಆ 'ಆಯ್ತು ಸರ್'ನಿಂದ. ಯಾಕಂದರೆ ಹಾಗೆ ಅಂದವರು ನಿಮಗೆ ತಿಳಿಸಬೇಕಾದ್ದನ್ನು ತಿಳಿಸದೇ ಹೋಗ್ತಾರೆ. ಇದನ್ನು ಗಂಗಾವತಿ ಹತ್ತಿರದ ಒಂದು ಅಕ್ಕಿ ಗಿರಣಿಯಲ್ಲಿ ಕಣ್ಣಾರೆ ಕಂಡವನು ನಾನು. ನನಗಿಂತ ಮುಂಚೆ ಅಲ್ಲಿ ಮ್ಯಾನೇಜರ್ ಆಗಿದ್ದವರು ಗಿರಣಿ ಶುರುವಾದಾಗಿನಿಂದ ಇದ್ದ ಹಿರಿಯರು, ವಯಸ್ಸಾಯ್ತು ಅಂತ ಬಿಟ್ಟರು. ಹಮಾಲರಿಂದ ಹಿಡಿದು ತೌಡು ಒಯ್ಯೋ ಲಾರಿ ಡ್ರೈವರ್ ತನಕ ಎಲ್ಲರಿಗೂ ಅವರು ಬೇಕಾದವರು.

ನಾನು ಸೇರಿದ್ದು ಮುಂಗಾರಿನ ಭತ್ತ ಬರೋ ಹೊತ್ತಿಗೆ. ನಮ್ಮ ತುಂಗಭದ್ರಾ ಎಡದಂಡೆ ಭಾಗದಲ್ಲಿ ನವೆಂಬರ್, ಡಿಸೆಂಬರ್ ಅಂದರೆ ಗಿರಣಿ ಹಗಲು ರಾತ್ರಿ ಓಡುವ ಕಾಲ. ಕೆಲವೇ ದಿನದಲ್ಲಿ ಸೋನಾ ಮಸೂರಿ ಅಕ್ಕಿಯಲ್ಲಿ ನುಚ್ಚು ಜಾಸ್ತಿ ಕಾಣಿಸಿಕೊಂಡಿತು. ಪಾಲಿಶರ್ ಬಾಯಿಂದ 100 ಗ್ರಾಂ ಹಿಡಿದು ಆರಿಸಿ ತೂಗಿದರೆ, ಮೊದಲು 10 ಗ್ರಾಂ ಆಸುಪಾಸು ಬರ್ತಿದ್ದ ನುಚ್ಚು 16ಕ್ಕೆ ಏರಿತ್ತು. ಒಂದು ಕ್ವಿಂಟಲ್ ಕಚ್ಚಾ ಭತ್ತಕ್ಕೆ ಸರ್ಕಾರದ ಲೆಕ್ಕದಲ್ಲೇ ಬರೋದು 67 ಕೆ.ಜಿ. ಅಕ್ಕಿ. ಅದರಲ್ಲಿ ಇಡೀ ಕಾಳು ಕಡಿಮೆಯಾದಷ್ಟೂ ಸಾಹುಕಾರರ ಕೈಗೆ ಬರೋ ದುಡ್ಡು ಕಡಿಮೆ, ಯಾಕಂದರೆ ನುಚ್ಚಿನ ದರ ಅಕ್ಕಿಯ ದರಕ್ಕಿಂತ ಎಷ್ಟೋ ಕೆಳಗೆ.

ಮೊದಲು ನೋಡಿದ್ದು ಭತ್ತದ ತೇವಾಂಶ. ಮೀಟರ್ ಶೇಕಡಾ 14 ತೋರಿಸ್ತಿತ್ತು, ಅದು ಸರಿಯಾಗೇ ಇದೆ. ತೀರ ಹಸಿ ಇದ್ದರೂ ಕಾಳು ಮುರಿಯುತ್ತೆ, ತೀರ ಒಣಗಿ ಬಿರುಕು ಬಿಟ್ಟಿದ್ದರೂ ಮುರಿಯುತ್ತೆ. ಹಾಗಾದರೆ ತಪ್ಪು ಶೆಲ್ಲರಿನಲ್ಲಿ. ಶೆಲ್ಲರ್ ಒಳಗೆ ಎರಡು ರಬ್ಬರ್ ರೋಲ್ ಇರ್ತವೆ, ಒಂದು ಜೋರಾಗಿ, ಇನ್ನೊಂದು ನಿಧಾನಕ್ಕೆ ತಿರುಗುತ್ತೆ. ಆ ವ್ಯತ್ಯಾಸದಲ್ಲೇ ಭತ್ತದ ಹೊಟ್ಟು ಬಿಡೋದು. ರಬ್ಬರ್ ಸವೆದರೆ ಹೊಟ್ಟು ಸರಿಯಾಗಿ ಬಿಡಲ್ಲ, ಬಿಡದ ಭತ್ತ ಸೆಪರೇಟರಿನಿಂದ ಮತ್ತೆ ಶೆಲ್ಲರಿಗೇ ವಾಪಸ್ ಬರುತ್ತೆ. ಆಗ ಆಪರೇಟರ್ ರೋಲ್ ಇನ್ನಷ್ಟು ಬಿಗಿ ಮಾಡ್ತಾನೆ. ಹೊಟ್ಟೇನೋ ಬಿಡುತ್ತೆ, ಜೊತೆಗೆ ಕಾಳೂ ಮುರಿಯುತ್ತೆ.

ಹಿರಿಯ ಆಪರೇಟರಿಗೆ ಇದು ನಾಲ್ಕು ದಿನ ಮುಂಚೆಯೇ ಗೊತ್ತಿತ್ತು. ಹೊಸ ರೋಲ್ ಸ್ಟೋರಿನಲ್ಲಿತ್ತು, ಬದಲಿಸೋಕೆ ಹೆಚ್ಚು ಹೊತ್ತೂ ಬೇಡ. "ಯಾಕ ಹೇಳ್ಲಿಲ್ಲಣ್ಣ?" ಅಂದೆ. "ಮೊದ್ಲಿನ ಸಾಹೇಬ್ರು ದಿನಾ ಮುಂಜಾನಿ ಬಂದು ರೋಲ್ ಹೆಂಗೈತಿ ಅಂತ ಕೇಳ್ತಿದ್ರು ಸರ. ಹೇಳ್ತಿದ್ದೆ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವತ್ತು ನನಗೆ ವಿಷಯ ಸ್ಪಷ್ಟವಾಯ್ತು. ಆ ಹಿರಿಯರು ಬರೀ ಒಳ್ಳೆಯ ಮನುಷ್ಯ ಅನ್ನೋ ಕಾರಣಕ್ಕೆ ಜನಪ್ರಿಯ ಆಗಿರಲಿಲ್ಲ. ಅವರ ಮುಂಜಾನೆಯ ಓಡಾಟವೇ ಗಿರಣಿಯ ವರದಿ ಪುಸ್ತಕ ಆಗಿತ್ತು. ಭತ್ತ ಸುರಿಯೋ ಗುಂಡಿ, ಶೆಲ್ಲರ್, ಪಾಲಿಶರ್, ತೌಡಿನ ಕೋಣೆ, ಹಮಾಲರ ಚಹಾದ ಜಾಗ, ಹೀಗೆ ಒಂದು ಸುತ್ತು. ಅವರು ಹೋದ ದಿನ ಆ ಸುತ್ತು ನಿಂತಿತು, ಅದರ ಜೊತೆ ಸುದ್ದಿಯೂ ನಿಂತಿತು. ಹೊರಗಿಂದ ನೋಡಿದವರಿಗೆ ಅದು ಅಸಹಕಾರದ ಹಾಗೆ ಕಾಣುತ್ತೆ. ಅರ್ಧ ಹಾಗೇ ಇರಲೂಬಹುದು. ಆದರೆ ಇನ್ನರ್ಧ, ಸುದ್ದಿ ಬರೋ ದಾರಿ ಮುಚ್ಚಿದ್ದು. ನಾನು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಸುತ್ತು ಹಾಕೋಕೆ ಶುರು ಮಾಡಿದೆ. ಅವರ ನಕಲು ಮಾಡ್ತಾನೆ ಅಂತ ಕೆಲವರು ಅಂದುಕೊಂಡಿರಬಹುದು, ಅಂದುಕೊಳ್ಳಲಿ. ಶೆಲ್ಲರ್ ಪಕ್ಕದ ಗೋಡೆಗೆ ಒಂದು ಕರಿಹಲಗೆ ಹಾಕಿಸಿದೆ. ರೋಲ್ ಹಾಕಿದ ತಾರೀಖು, ಅದು ಅರೆದ ಚೀಲದ ಲೆಕ್ಕ, ಎರಡೂ ರೋಲ್ ಸಮನಾಗಿ ಸವೆಯಲಿ ಅಂತ ಅದಲುಬದಲು ಮಾಡಿದ ದಿನ, ಇಷ್ಟನ್ನೇ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯೋದು. ಕೇಳೋಕೆ ನಾನು ಇಲ್ಲದ ದಿನವೂ ಸುದ್ದಿ ಗೋಡೆ ಮೇಲಿರುತ್ತೆ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಇಂಥ ಹಿರಿಯರು ವರ್ಷಗಟ್ಟಲೆ ಬಾಯಿಮಾತಲ್ಲೇ ನಡೆಸಿಕೊಂಡು ಬಂದ ಒಪ್ಪಂದಗಳು ಇರ್ತವೆ. ನಮ್ಮಲ್ಲಿ ತಿಂಗಳ ನಡುವೆ ಚೀಟಿ ಇಲ್ಲದೇ ಅಡ್ವಾನ್ಸ್ ಕೊಡೋದಿತ್ತು. ಕೊಪ್ಪಳದ ಗವಿಮಠದ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ, ಗಿರಣಿಯ ಕೆಲಸ ಜೋರಿರುವಾಗಲೇ ಬರುತ್ತೆ. ಆದರೂ ತೇರಿನ ದಿನ ರಾತ್ರಿ ಪಾಳಿ ಬಂದ್. ಹಬ್ಬಕ್ಕೆ ಮನೆಗೊಂದು ಚೀಲ ನುಚ್ಚು. ಇವುಗಳಲ್ಲಿ ಒಂದೂ ಕಾಗದದ ಮೇಲಿಲ್ಲ. ಹೊಸಬ ಬಂದಾಗ ಜನ ಸುಮ್ಮನಾಗೋದು ಇದಕ್ಕೇ, ಇವನು ಇವನ್ನೆಲ್ಲ ಇಟ್ಟುಕೊಳ್ತಾನೋ ಕಿತ್ತುಹಾಕ್ತಾನೋ ಅನ್ನೋ ಅಂಜಿಕೆ. ಕೇಳೋಕೂ ಹೆದರಿಕೆ, ಕೇಳಿದರೆ ಎಲ್ಲಿ ಇಲ್ಲ ಅಂದುಬಿಡ್ತಾನೋ ಅಂತ.

ಹಾಗಾಗಿ ನಾನು ಆ ಹಿರಿಯರ ಮನೆಗೇ ಹೋದೆ. ಯಾವ ಯಾವ ಮಾತು ಕೊಟ್ಟಿದ್ದೀರಿ ಅಂತ ಕೇಳಿ ಅವರೆದುರೇ ಬರೆದುಕೊಂಡೆ. ಅವರ ಜೇಬಿನ ಡೈರಿಯಲ್ಲಿದ್ದ ಅಡ್ವಾನ್ಸ್ ಬಾಕಿಯನ್ನೂ ಒಂದೊಂದಾಗಿ ಇಳಿಸಿಕೊಂಡೆ. ಆಮೇಲೆ ಇನ್ನೊಂದು ಕೇಳಿದೆ. "ಅಣ್ಣಾರ, ಬೆಲ್ಟ್ ಹರಿದ್ರೂ ಹುಡುಗ್ರು ಮೊದಲ ನಿಮಗ ಫೋನ್ ಮಾಡ್ತಾರ. ಮಾಡ್ಲಿ, ಬ್ಯಾಡ ಅನ್ನಬ್ಯಾಡ್ರಿ. ಆದ್ರ 'ನಿಮ್ಮ ಮ್ಯಾನೇಜರ್‌ಗೆ ಹೇಳಿಯೇನು?' ಅಂತ ಒಂದ್ ಮಾತು ಕೇಳ್ರಿ." ಅವರು ತುಸು ಹೊತ್ತು ಸುಮ್ಮನಿದ್ದು, "ನಾನ ಪರಿಹಾರ ಹೇಳ್ಕೋತ ಕುಂತ್ರ ಅವ್ರು ನಿಮ್ಮ ಹತ್ರ ಬರೂದಿಲ್ಲ, ಗೊತ್ತೈತಿ ನನಗ" ಅಂದರು. ಆಮೇಲೆ ಕೊಟ್ಟ ಮಾತಿನಂತೆ ನಡೆದುಕೊಂಡರು. ನಿಮ್ಮ ಹಿಂದಿನವರು ಊರಲ್ಲೇ ಇದ್ದು, ಒಳ್ಳೆಯ ಮಾತಲ್ಲೇ ಬಿಟ್ಟುಹೋಗಿದ್ದರೆ ಈ ಭೇಟಿ ಮಾಡಲೇಬೇಕು. ಎದುರಾಳಿ ಸಂಸ್ಥೆಗೆ ಹೋಗಿದ್ದರೆ ಬೇಡ. ಆಗ ಈ ಮಾತುಗಳನ್ನು ಹಳೆಯ ಹಮಾಲರ ಹತ್ತಿರ ಕೂತು ತಿಳಿದುಕೊಳ್ಳಿ.

ಪಟ್ಟಿ ಕೈಗೆ ಬಂದ ಮೇಲೆ ಸಾಹುಕಾರರ ಮುಂದಿಟ್ಟು ಒಪ್ಪಿಗೆ ಪಡೆದೆ. ಜಾತ್ರೆಯ ರಜೆ, ನುಚ್ಚು ಇದ್ದ ಹಾಗೇ ಉಳಿದವು. ಅಡ್ವಾನ್ಸ್ ಉಳಿಯಿತು, ಆದರೆ ಸಹಿ ಮಾಡೋ ಚೀಟಿ ಬಂತು. ಇದನ್ನು ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ, ಮೊದಲಿನ ಸಾಹೇಬರು ಕೊಟ್ಟ ಮಾತು ಅಂತಲೇ ಹೇಳಿದೆ. ಅವರ ಹೆಸರು ಎತ್ತೋಕೆ ನೀವು ಹಿಂಜರಿಯಬಾರದು. ನೀವೇ ಗೌರವದಿಂದ ಎತ್ತಿದರೆ ಉಳಿದವರು ಅದನ್ನು ಪಿಸುಮಾತಲ್ಲಿ ಎತ್ತಬೇಕಾದ ಪ್ರಸಂಗ ಬರಲ್ಲ.

ರೂಢಿಯಿಂದ ಬಂದ ಇಂಥ ಸವಲತ್ತಿಗೆ ಕಾನೂನಿನಲ್ಲೂ ಜಾಗ ಇದೆ ಅನ್ನೋದು ನೆನಪಿರಲಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನ ಪ್ರಕಾರ, ಕಾರ್ಮಿಕರಿಗೆ ರೂಢಿಯಲ್ಲಿದ್ದ ರಿಯಾಯಿತಿ ಹಿಂತೆಗೆಯಬೇಕಾದರೆ ಮೊದಲು ನೋಟಿಸ್ ಕೊಟ್ಟು 21 ದಿನ ಕಾಯಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. 'ಹಳೇದೆಲ್ಲ ಇವತ್ತಿಂದ ಬಂದ್' ಅಂತ ಒಂದೇ ಮಾತಲ್ಲಿ ಹೇಳೋ ಮುಂಚೆ ನಿಮ್ಮ ಮಾಲೀಕರಿಗೂ ಇದನ್ನು ತಿಳಿಸಿ.

ಕಾಯಬಾರದ ವಿಷಯ ಒಂದಿದೆ, ಜೀವಕ್ಕೆ ಅಪಾಯ ಇರೋದು. ನಮ್ಮಲ್ಲಿ ಭತ್ತ ಮೇಲಕ್ಕೆ ಎತ್ತೋ ಎಲಿವೇಟರಿನ ಬುಡದಲ್ಲಿ ಭತ್ತ ಕಟ್ಟಿಕೊಂಡರೆ ಮಷಿನ್ ನಿಲ್ಲಿಸದೇ ಕೈ ಹಾಕಿ ತೆಗೆಯೋ ರೂಢಿ ಇತ್ತು. ಅದನ್ನು ನಾನು ಬಂದ ವಾರದಲ್ಲೇ ನಿಲ್ಲಿಸಿದೆ. ಎಲ್ಲಕ್ಕಿಂತ ಹೆಚ್ಚು ಮುಖ ಗಂಟಾದದ್ದು ಈ ಮಾತಿಗೇ. ಯಾಕೆ ಅಂತ ಕೆದಕಿದಾಗ ಸಿಕ್ಕಿದ್ದು ದುಡ್ಡಿನ ಲೆಕ್ಕ. ಪಾಳಿಯವರಿಗೆ ಅರೆದ ಚೀಲದ ಮೇಲೆ ಭತ್ಯೆ ಇತ್ತು, ಮಷಿನ್ ನಿಂತಷ್ಟೂ ಅವರ ಕೈಗೆ ಕಡಿಮೆ. ಬುಡ ತೆಗೆಯೋ ಹೊತ್ತನ್ನು ಬೇರೆ ಬರೆದು, ಅಷ್ಟು ಹೊತ್ತಿಗೆ ಸರಾಸರಿ ಚೀಲದ ಲೆಕ್ಕ ಸೇರಿಸೋ ಏರ್ಪಾಟು ಮಾಡಿದ ಮೇಲೆ ಗೊಣಗಾಟ ನಿಂತಿತು. ನಿಮ್ಮಲ್ಲೂ ಒಂದು ಬದಲಾವಣೆಗೆ ಮಾತ್ರ ವಿಪರೀತ ಬಿಗುಮಾನ ಕಂಡರೆ, ಅದರಿಂದ ಯಾರ ಕೂಲಿಗೆ ಪೆಟ್ಟು ಬೀಳುತ್ತೆ ಅಂತ ಮೊದಲು ನೋಡಿ.

ಎಲ್ಲರ ಮೌನವೂ ಒಂದೇ ಕಾರಣದ್ದಲ್ಲ. ನಿಮ್ಮ ಕುರ್ಚಿ ತನಗೇ ಸಿಗುತ್ತೆ ಅಂತ ನಂಬಿದ್ದವರು ಒಬ್ಬರಾದರೂ ಇರ್ತಾರೆ. ನಮ್ಮಲ್ಲಿ ಅದು ಸೂಪರ್‌ವೈಸರ್. 'ಹುಡುಗ್ರಿಗೆ ಬ್ಯಾಸರ ಆಗೈತ್ರಿ' ಅಂತ ಯಾವಾಗಲೂ ಬೇರೆಯವರ ಹೆಸರಲ್ಲೇ ಮಾತಾಡ್ತಿದ್ದರು; ಆ ಹುಡುಗರನ್ನೇ ಕೇಳಿದರೆ ಅಂಥದ್ದೇನೂ ಇರ್ತಿರಲಿಲ್ಲ. ಅವರನ್ನು ಒಬ್ಬರನ್ನೇ ಕರೆದು, ಈ ಜಾಗ ನಿಮಗೆ ಬರಬೇಕಿತ್ತು ಅನ್ನೋ ನೋವು ನ್ಯಾಯವಾದದ್ದೇ ಅಂತ ನೇರವಾಗಿ ಹೇಳಿದೆ, ಭತ್ತ ಖರೀದಿಯ ಸ್ಯಾಂಪಲ್ ಮತ್ತು ತೇವಾಂಶದ ಕೆಲಸ ಪೂರ್ತಿ ಅವರ ಕೈಗೆ ಬಿಟ್ಟೆ. ಅವರು ಕೆಲಸ ಚೆನ್ನಾಗಿ ಮಾಡ್ತಾರೆ. ನನ್ನ ಮೇಲೆ ಪ್ರೀತಿ ಬಂದಿಲ್ಲ, ಅದನ್ನು ನಾನು ನಿರೀಕ್ಷೆಯೂ ಮಾಡಿಲ್ಲ.

ಸುಧಾರಿಸ್ತಾ ಇದೆಯೋ ಇಲ್ಲವೋ ಅನ್ನೋದನ್ನು ಜನರ ನಗು, ನಮಸ್ಕಾರ ನೋಡಿ ಅಳೆಯಬೇಡಿ. ಕೆಟ್ಟ ಸುದ್ದಿ ಎಷ್ಟು ಬೇಗ ನಿಮ್ಮ ಹತ್ತಿರ ಬರುತ್ತೆ ಅಂತ ನೋಡಿ. ನಿಮ್ಮ ಗೋದಾಮಿನಲ್ಲಿ ಅದು ನೆನೆದ ಚೀಲ, ಹುಳ ಬಿದ್ದ ಅಟ್ಟಿ, ತೂಕದಲ್ಲಿನ ಕೊರತೆ. ಒಂದು ನೋಟುಬುಕ್ಕಿನಲ್ಲಿ ಎರಡೇ ಕಾಲಂ ಇಟ್ಟುಕೊಳ್ಳಿ. ಅವರಾಗಿ ಬಂದು ಹೇಳಿದ್ದು ಒಂದು ಕಡೆ, ನೀವಾಗಿ ಕಂಡುಹಿಡಿದದ್ದು ಇನ್ನೊಂದು ಕಡೆ. ಹೇಳಿದವನಿಗೆ ಅವತ್ತು ಬೈಗುಳ ಸಿಕ್ಕರೆ ಮೊದಲನೇ ಕಾಲಂ ಅಲ್ಲಿಗೇ ನಿಂತುಹೋಗುತ್ತೆ. ನಮ್ಮಲ್ಲಿ ಮೊದಲ ಹಂಗಾಮಿನಲ್ಲಿ ಎರಡನೆಯದೇ ಉದ್ದ ಇತ್ತು. ಏಪ್ರಿಲ್, ಮೇನಲ್ಲಿ ಬೇಸಿಗೆ ಭತ್ತ ಬರೋ ಹೊತ್ತಿಗೆ ಮೊದಲನೆಯದು ಅದನ್ನು ದಾಟಿತು, ಹಿರಿಯ ಆಪರೇಟರ್ ರೋಲ್ ಸವೆಯೋ ಎರಡು ದಿನ ಮುಂಚೆಯೇ ಸ್ಟೋರಿನ ಕೀಲಿ ಕೇಳೋಕೆ ಶುರು ಮಾಡಿದ್ದ.