ನಿಪ್ಪಾಣಿಗೆ ಬಂದು ಲಾರಿ ಇಟ್ಟರೆ ನಡೆಯುತ್ತದಾ?

ಹಾಸನದ ಕಡೆಯವರು, ಹೆವಿ ಲೈಸೆನ್ಸ್ ಇದೆ, ಮನೆಯವರ ಊರು ನಿಪ್ಪಾಣಿ ಅಂತ ಇಲ್ಲಿಗೇ ಬರುವ ಯೋಚನೆ ಇದೆ ಎಂದಿದ್ದೀರಿ. ಲೈಸೆನ್ಸ್ ದೇಶದಲ್ಲೆಲ್ಲ ನಡೆಯುತ್ತದೆ, ಅದರ ಚಿಂತೆ ಬೇಡ. ಆದರೆ ಲಾರಿಯ ಪರ್ಮಿಟ್ ಹಾಗಲ್ಲ. ಹಾಸನದಲ್ಲಿ ಇದ್ದವರಿಗೆ ಇದು ತಲೆಗೆ ಬರುವ ವಿಷಯವೇ ಅಲ್ಲ. ಇಲ್ಲಿ ದಿನಾ ಬರುತ್ತದೆ.

ನಿಪ್ಪಾಣಿಯಿಂದ ಹೈವೇ ಹಿಡಿದು ಉತ್ತರಕ್ಕೆ ಹೊರಟರೆ ಕೊಗನೊಳ್ಳಿ ಟೋಲ್, ಅದನ್ನು ದಾಟಿದರೆ ಕಾಗಲ, ಮಹಾರಾಷ್ಟ್ರ. ಕೊಲ್ಹಾಪುರ ಸುಮಾರು 40 ಕಿ.ಮೀ. ನಮ್ಮ ಜಿಲ್ಲಾ ಕೇಂದ್ರ ಬೆಳಗಾವಿ 75 ಕಿ.ಮೀ. ದವಾಖಾನೆಗೆ, ಮದುವೆ ಸಂತೆಗೆ, ಲಾರಿ ಬಿಡಿಭಾಗಕ್ಕೆ ನಾವು ಹೋಗುವುದು ಕೊಲ್ಹಾಪುರಕ್ಕೆ. ಲೋಡ್ ಸಿಗುವುದೂ ಜಾಸ್ತಿ ಆ ಕಡೆಯೇ. ಹಾಗಾಗಿ ಬರೀ ಕರ್ನಾಟಕದ ಪರ್ಮಿಟ್ ಇರುವ ಲಾರಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ, ಗಡಿಯಲ್ಲಿ ಗಾಡಿಯ ಮುಖ ತಿರುಗಿಸುವುದೇ ಕೆಲಸ. ನ್ಯಾಷನಲ್ ಪರ್ಮಿಟ್ ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ನೋಡುವಾಗ ಮೊದಲು ವಯಸ್ಸು ನೋಡಿ. ಆರು ಚಕ್ರದ, ಅಂದರೆ ಎರಡು ಆಕ್ಸಲ್‌ನ ಲಾರಿಗೆ 12 ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಇಲ್ಲ. ಹತ್ತು ಚಕ್ರದ್ದು ಮಲ್ಟಿ ಆಕ್ಸಲ್ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ 15 ವರ್ಷ. ಹನ್ನೊಂದು ವರ್ಷದ ಆರು ಚಕ್ರದ ಲಾರಿಯನ್ನು ಮಾಲೀಕರು ಯಾಕೆ ಅಷ್ಟು ಅರ್ಜೆಂಟಾಗಿ ಮಾರುತ್ತಿದ್ದಾರೆ ಅನ್ನುವುದು ಈಗ ಗೊತ್ತಾಯಿತಲ್ವಾ.

ಇನ್ನೊಂದು ನಿಯಮ ಇದೆ, ಹೊರಗಿನಿಂದ ಬಂದವರು ಎಡವುವುದು ಇಲ್ಲೇ. ನ್ಯಾಷನಲ್ ಪರ್ಮಿಟ್ ಇದ್ದರೂ ನಿಮ್ಮ ಕೆಎ ಗಾಡಿ ಮಹಾರಾಷ್ಟ್ರದ ಒಂದು ಊರಲ್ಲಿ ತುಂಬಿಕೊಂಡು ಮಹಾರಾಷ್ಟ್ರದ್ದೇ ಇನ್ನೊಂದು ಊರಲ್ಲಿ ಇಳಿಸುವಂತಿಲ್ಲ. ಲೋಡ್ ಗಡಿ ದಾಟಲೇಬೇಕು. ಅಗ್ಗಕ್ಕೆ ಸಿಕ್ಕ ಎಂಎಚ್ ಗಾಡಿ ತಂದರೆ ಉಲ್ಟಾ ಕಥೆ: ನಿಪ್ಪಾಣಿಯಲ್ಲಿ ತುಂಬಿ ಚಿಕ್ಕೋಡಿಯಲ್ಲಿ ಇಳಿಸಲು ಆಗುವುದಿಲ್ಲ.

ಇದರಿಂದ ಏನಾಗುತ್ತದೆ ಅಂತ ಒಂದು ಟ್ರಿಪ್ ಲೆಕ್ಕ ಹಾಕೋಣ. ದರಗಳು ಲೆಕ್ಕಕ್ಕೆ ಹಿಡಿದವು, ಆ ದಿನದ ದರ ನೀವೇ ಹಾಕಿಕೊಳ್ಳಿ. ಹತ್ತು ಚಕ್ರದ ಲಾರಿ ಸರಕು ಸಮೇತ 28.5 ಟನ್ ತನಕ ತೂಗಬಹುದು. ಗಾಡಿಯ ತೂಕ ಕಳೆದರೆ ಸುಮಾರು 18 ಟನ್ ಸಕ್ಕರೆ ತುಂಬಬಹುದು. ನಮ್ಮ ಕಡೆಯ ಕಾರ್ಖಾನೆಯಿಂದ ಪುಣೆಗೆ, ಸುಮಾರು 270 ಕಿ.ಮೀ. ಟನ್ನಿಗೆ 1,000 ರೂಪಾಯಿ ಹಿಡಿದರೆ ಬಾಡಿಗೆ 18,000. ತುಂಬಿದ ಗಾಡಿ ಲೀಟರಿಗೆ 4 ಕಿ.ಮೀ. ಕೊಟ್ಟರೆ ಹೋಗಲು 68 ಲೀಟರ್, ಖಾಲಿ ಬರುವಾಗ 5 ಕೊಟ್ಟರೆ 54 ಲೀಟರ್. ಡೀಸೆಲ್ 90 ರೂಪಾಯಿ ಅಂದರೂ ಹತ್ತಿರ ಹತ್ತಿರ 11,000. ಕೊಗನೊಳ್ಳಿ, ಕಿಣಿ, ತಾಸವಡೆ, ಆನೇವಾಡಿ, ಖೇಡ್ ಶಿವಾಪುರ ಅಂತ ಐದು ಟೋಲ್. ಹೋಗಿ ಬರಲು 4,500 ಇಡಿ. ಊಟ, ಕ್ಲೀನರ್ ಭತ್ತೆ, ತಾಡಪತ್ರಿ ಕಟ್ಟಿಸಿದ್ದು, ಚಿಲ್ಲರೆ ಎಲ್ಲ ಸೇರಿ 2,000. ಉಳಿದದ್ದು 500. ಟೈರ್, ಇನ್ಶೂರೆನ್ಸ್, ಕಂತು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅಂದರೆ ದುಡ್ಡು ಇರುವುದು ರಿಟರ್ನ್ ಲೋಡಿನಲ್ಲಿ. ಪುಣೆಯಲ್ಲಿ ಏಜೆಂಟ್ ಮೊದಲು ತೋರಿಸುವುದು ಕೊಲ್ಹಾಪುರದ ಗೋಕುಳ ಶಿರಗಾಂವಿಗೆ ಲೋಡ್. ನಿಮ್ಮ ದಾರಿಯಲ್ಲೇ ಇದೆ, ಆಸೆ ಆಗುತ್ತದೆ. ಆದರೆ ಅದು ಮಹಾರಾಷ್ಟ್ರದಿಂದ ಮಹಾರಾಷ್ಟ್ರಕ್ಕೆ. ಒಯ್ಯುವವರು ಒಯ್ಯುತ್ತಾರೆ, ಇಲ್ಲ ಅನ್ನುವುದಿಲ್ಲ. ಸಿಕ್ಕಿಬಿದ್ದರೆ ಪರ್ಮಿಟ್ ಉಲ್ಲಂಘನೆಗೆ ಕೇಂದ್ರದ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ, ಜೈಲಿಗೂ ಅವಕಾಶ ಇದೆ. ಅದಕ್ಕಿಂತ ದೊಡ್ಡ ಭಯ ಅಪಘಾತದ್ದು. ಕ್ಲೇಮಿಗೆ ಹೋದರೆ ಇನ್ಶೂರೆನ್ಸ್‌ನವರು ಪರ್ಮಿಟ್‌ನಲ್ಲೇ ತಪ್ಪು ಹುಡುಕುತ್ತಾರೆ.

ನೀವು ಕೇಳಬೇಕಾದ್ದು ಬೆಳಗಾವಿಗೆ, ಹುಬ್ಬಳ್ಳಿಗೆ ಲೋಡ್. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಅಲ್ಲಿಗೆ ಸ್ಕ್ರ್ಯಾಪ್ ಹೋಗುತ್ತದೆ. ಟನ್ನಿಗೆ 800 ಅಂದರೆ 14,400. ತುಂಬಿಕೊಂಡು ಬೆಳಗಾವಿಗೆ ಹೋಗಿ ಖಾಲಿ ನಿಪ್ಪಾಣಿಗೆ ವಾಪಸ್ ಬರಲು ಹೆಚ್ಚಿನ ಡೀಸೆಲ್ ಸುಮಾರು 4,250, ಹತ್ತರಗಿ ಟೋಲ್ ಎರಡು ಸಲ 800, ಕಮಿಷನ್ 600. ಕೈಗೆ 8,750 ಉಳಿಯಿತು. ಖಾಲಿ ಬಂದಿದ್ದರೆ 500, ಈಗ ಒಟ್ಟು 9,250. ಆ ಲೋಡಿಗೆ ಒಂದು ದಿನ ಕಾಯ್ದರೂ ನಡೆಯುತ್ತದೆ. ಮೂರು ದಿನ ಕಾಯ್ದರೆ ತಿಂಗಳ ಟ್ರಿಪ್ ಕಡಿಮೆಯಾಗಿ ಲಾಭ ಅಲ್ಲೇ ಕರಗುತ್ತದೆ. ಅದಕ್ಕೇ ನಮ್ಮವರು ಇಲ್ಲಿಂದ ಹೊರಡುವ ಮೊದಲೇ ಪುಣೆಯ ಏಜೆಂಟರಿಗೆ ಫೋನ್ ಹಚ್ಚುತ್ತಾರೆ. ಮಾತು ಮರಾಠಿಯಲ್ಲೇ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಮರಾಠಿ ಅಂಕಿ ಮಾತ್ರ ಗಟ್ಟಿ ಕಲಿತುಬಿಡಿ.

ಬಾಡಿಗೆ ಒಂದೇ ಸಲ ಕೈಗೆ ಬರುವುದಿಲ್ಲ. ದೊಡ್ಡ ಪಾಲು ಅಡ್ವಾನ್ಸ್, ಉಳಿದದ್ದು ಬಿಲ್ಟಿ, ಅಂದರೆ ಸರಕು ಇಳಿಸಿಕೊಂಡವರು ಸಹಿ ಹಾಕಿದ ಸಾಗಣೆ ಚೀಟಿ, ವಾಪಸ್ ಕೊಟ್ಟ ಮೇಲೆ. ಆ ಚೀಟಿ ಮಳೆಗೆ ತೊಯ್ದರೆ ಬಾಕಿಯೂ ತೊಯ್ದ ಹಾಗೆ. ಇ-ವೇ ಬಿಲ್‌ನಲ್ಲಿ ನಿಮ್ಮದೇ ಗಾಡಿ ನಂಬರ್ ಇದೆಯಾ ಅಂತ ಗೇಟಿನಲ್ಲೇ ನೋಡಿ. ಆ ಬಿಲ್ಲಿನ ಅವಧಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಪುಣೆಗೆ ಎರಡು ದಿನ ಸಿಗುತ್ತದೆ.

ಕಬ್ಬಿನ ಬಗ್ಗೆಯೂ ಯಾರಾದರೂ ಆಸೆ ಹಚ್ಚುತ್ತಾರೆ. ಅಕ್ಟೋಬರ್, ನವೆಂಬರ್‌ನಿಂದ ಮಾರ್ಚ್ ತನಕ ಸೀಸನ್, ಗಾಡಿಗೆ ಬಿಡುವಿಲ್ಲ, ನಿಜ. ಆದರೆ ಇಲ್ಲಿ ಗಾಡಿ ಮಾಲೀಕ ಬರೀ ಸಾಗಿಸುವುದಿಲ್ಲ, ಕಡಿಯುವ ಗ್ಯಾಂಗನ್ನೂ ಅವನೇ ತರಬೇಕು. ಕಾರ್ಖಾನೆಯಿಂದ ಅಡ್ವಾನ್ಸ್ ತೆಗೆದು ಬೀಡ್ ಕಡೆಯ ಮುಕಾದಮನಿಗೆ, ಅಂದರೆ ಗ್ಯಾಂಗ್ ಕರೆತರುವ ಮೇಸ್ತ್ರಿಗೆ ಕೊಡಬೇಕು. ಗ್ಯಾಂಗ್ ಬರದಿದ್ದರೆ, ಅರ್ಧಕ್ಕೆ ಓಡಿಹೋದರೆ, ಕಾರ್ಖಾನೆಯ ಸಾಲ ಉಳಿಯುವುದು ನಿಮ್ಮ ಹೆಸರಲ್ಲಿ. ಮುಕಾದಮನ ಊರು, ಮನೆ ಗೊತ್ತಿಲ್ಲದ ಹೊರಗಿನವರು ಈ ಕರಾರಿಗೆ ಕೈ ಹಾಕಬಾರದು ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಸೀಸನ್‌ನಲ್ಲಿ ಬೇರೆಯವರ ಗಾಡಿಗೆ ಸಂಬಳಕ್ಕೆ ಹೋಗಿ, ಅದು ಬೇರೆ ಮಾತು.

ಸಂಬಳಕ್ಕೆ ಅಂದರೆ ಅದಕ್ಕಿಂತ ಒಳ್ಳೆಯ ದಾರಿ ಟ್ಯಾಂಕರ್. ಈಗ ಸಕ್ಕರೆ ಕಾರ್ಖಾನೆಗಳು ಇಥೆನಾಲ್ ಮಾಡುತ್ತವೆ, ಅದು ತೈಲ ಕಂಪನಿಗಳ ಡಿಪೋಗಳಿಗೆ ಹೋಗುತ್ತದೆ. ಓಡಿಸಲು ಲೈಸೆನ್ಸ್ ಮೇಲೆ ಅಪಾಯಕಾರಿ ಸರಕಿನ ನಮೂದು ಬೇಕು. ಮೂರು ದಿನದ ತರಬೇತಿ, ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು. ಈ ಒಂದು ಶರತ್ತಿಗೇ ಎಷ್ಟೋ ಹಳೆ ಡ್ರೈವರ್‌ಗಳು ಹಿಂದೆ ಸರಿಯುತ್ತಾರೆ, ನಿಮಗೆ ಅಷ್ಟು ಪೈಪೋಟಿ ಇರುವುದಿಲ್ಲ.

ಡ್ರೈವಿಂಗ್ ಸ್ಕೂಲ್ ಕೇಳಿದ್ದಿರಿ. ಹತ್ತನೇ ಕ್ಲಾಸ್ ಪಾಸ್, ಐದು ವರ್ಷದ ಅನುಭವ, ಮೇಲೆ ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟ್ ಇರಬೇಕು. ನಿಮ್ಮ ಹತ್ತಿರ ಮೂರನೆಯದು ಇಲ್ಲದಿದ್ದರೆ, ಅದು ಇರುವ ಇನ್‌ಸ್ಟ್ರಕ್ಟರನ್ನು ಇಟ್ಟುಕೊಳ್ಳಬೇಕು. ಹೆವಿ ಕಲಿಸಲು ಡಬಲ್ ಕಂಟ್ರೋಲ್ ಲಾರಿ, ಒಬ್ಬೊಬ್ಬರಿಗೂ ಕನಿಷ್ಠ 30 ದಿನ, ಅದರಲ್ಲಿ 15 ತಾಸು ಸ್ಟೀರಿಂಗ್ ಮೇಲೆ. ಡೀಸೆಲ್ ಲೆಕ್ಕ ಹಾಕಿಯೇ ಫೀ ಹೇಳಿ. ಕಾಗಲ ಪಕ್ಕದಲ್ಲೇ ಇದೆ ಅಂತ ಅಲ್ಲಿನ ಹುಡುಗರನ್ನು ನಂಬಿಕೊಳ್ಳಬೇಡಿ, ಅವರು ಲೈಸೆನ್ಸ್ ಮಾಡಿಸುವುದು ಹೆಚ್ಚಾಗಿ ಕೊಲ್ಹಾಪುರದಲ್ಲಿ. ನಿಮ್ಮ ಗಿರಾಕಿ ಹೆಚ್ಚಾಗಿ ಚಿಕ್ಕೋಡಿ ಆರ್‌ಟಿಒಗೆ ಹೋಗುವವರೇ.